ಊರಿನ ಮನೆಯ ಡಿವಿಆರ್ ಅನ್ನು ಬೆಂಗಳೂರಿನಿಂದ ನೋಡುವುದು: ಸ್ಟ್ಯಾಟಿಕ್ ಐಪಿ ಕೊಂಡು ಪೋರ್ಟ್ ತೆರೆಯಬೇಕೇ, ಕ್ಲೌಡ್ ಸಾಕೇ?

ಅಂಗಳದ ಅಡಿಕೆ

ಶಿರಸಿ ತಾಲ್ಲೂಕಿನ ನಮ್ಮ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದಾರೆ, ನಾನು ಬೆಂಗಳೂರಿನಲ್ಲಿದ್ದೇನೆ. ಕೊಯ್ಲಿನ ಕಾಲದಲ್ಲಿ ಅಂಗಳದಲ್ಲಿ ಹರವಿದ ಅಡಿಕೆಯ ಮೇಲೆ ಕಣ್ಣಿರಲಿ ಎಂದು ನಾಲ್ಕು ವರ್ಷಗಳ ಹಿಂದೆ ಎಂಟು ಚಾನೆಲ್‌ಗಳ ಡಿವಿಆರ್ ಮತ್ತು ಆರು ಕ್ಯಾಮೆರಾ ಹಾಕಿಸಿದೆವು. ಹಾಕಿದವರು ರೂಟರ್‌ನಲ್ಲಿ ಏನೋ ಮಾಡಿಕೊಟ್ಟಿದ್ದರು, ನಾನು ಮೊಬೈಲಿನಲ್ಲಿ ನೋಡುತ್ತಿದ್ದೆ. ಈ ಮಳೆಗಾಲಕ್ಕೆ ಮುಂಚೆ ಹಳೆಯ ಇಂಟರ್ನೆಟ್ ಬಿಟ್ಟು ಬೇರೆ ಕಂಪನಿಯ ಫೈಬರ್ ತೆಗೆದುಕೊಂಡ ದಿನದಿಂದ ನೋಡಲು ಆಗುತ್ತಿಲ್ಲ, ಆದರೆ ಮನೆಯ ವೈಫೈನಲ್ಲಿ ನಿಂತು ನೋಡಿದರೆ ಎಲ್ಲವೂ ಸರಿಯಾಗಿ ಕಾಣುತ್ತದೆ.

ಕ್ಯಾಮೆರಾದವರನ್ನು ಕೇಳಿದರೆ, ವರ್ಷಕ್ಕೆ ಇಷ್ಟು ಎಂದು ಹಣ ಕಟ್ಟಿ ನಿಮ್ಮ ಮನೆಗೇ ಮೀಸಲಾದ, ಬದಲಾಗದ ಇಂಟರ್ನೆಟ್ ವಿಳಾಸವಾದ ಸ್ಟ್ಯಾಟಿಕ್ ಐಪಿ ತೆಗೆದುಕೊಳ್ಳಿ, ಇಲ್ಲವೇ ಡಿವಿಆರ್‌ನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಕ್ಲೌಡಿನಲ್ಲಿ ನೋಡಿ ಎನ್ನುತ್ತಾರೆ. ಹಣದ ವಿಷಯವನ್ನು ಬದಿಗಿಟ್ಟು ಕೇಳುತ್ತಿದ್ದೇನೆ: ಇವೆರಡರಲ್ಲಿ ಯಾವುದು ಸುರಕ್ಷಿತ? ಜಗಲಿಯ ಕ್ಯಾಮೆರಾದಲ್ಲಿ ಅಮ್ಮ ಓಡಾಡುವುದೆಲ್ಲ ಕಾಣುತ್ತದೆ, ಅದು ಯಾರ ಕೈಗೂ ಸಿಗಬಾರದು.

ವೈರ್ ಮಾಸ್ತರ

ಸ್ಟ್ಯಾಟಿಕ್ ಐಪಿಯೇ ಸರಿ. ಕ್ಲೌಡ್ ಎಂದರೆ ನಿಮ್ಮ ಮನೆಯ ಚಿತ್ರ ಎಲ್ಲಿಯೋ ಇರುವ ಕಂಪನಿಯ ಸರ್ವರ್ ಮೂಲಕ ಹಾದು ಬರುತ್ತದೆ. ಹೊರಗಿನಿಂದ ಬಂದ ಕರೆಯನ್ನು ರೂಟರ್ ಡಿವಿಆರ್‌ಗೆ ತಿರುಗಿಸುವ ಪೋರ್ಟ್ ಫಾರ್ವರ್ಡಿಂಗ್‌ನಲ್ಲಿ ನಿಮ್ಮ ಮೊಬೈಲ್ ಮತ್ತು ನಿಮ್ಮ ಡಿವಿಆರ್ ನಡುವೆ ಮೂರನೆಯವರೇ ಇರುವುದಿಲ್ಲ. 80 ಎಂಬ ಎಲ್ಲರಿಗೂ ತಿಳಿದ ಪೋರ್ಟ್ ಇಟ್ಟುಕೊಳ್ಳದೆ 48123ರಂಥ ಯಾವುದಾದರೂ ಸಂಖ್ಯೆ ಕೊಟ್ಟು, ಗಟ್ಟಿಯಾದ ಪಾಸ್‌ವರ್ಡ್ ಹಾಕಿದರೆ ಯಾರೂ ಬರುವುದಿಲ್ಲ. ನಾನು ಆರು ವರ್ಷಗಳಿಂದ ಹೀಗೆಯೇ ಇಟ್ಟಿದ್ದೇನೆ.

ಬಟ್ಟೆ ಅಂಗಡಿ ದಾವಣಗೆರೆ

ಕ್ಲೌಡಿಗೆ ಹೋಗಬೇಡಿ ಸ್ವಾಮಿ, ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕಾಗುತ್ತದೆ. ಅಲ್ಲದೆ ಆರು ಕ್ಯಾಮೆರಾಗಳ ರೆಕಾರ್ಡಿಂಗ್ ಎಲ್ಲ ಹಗಲೂ ರಾತ್ರಿ ಮೇಲಕ್ಕೆ ಹೋಗುತ್ತಿದ್ದರೆ ನಿಮ್ಮ ಇಂಟರ್ನೆಟ್ ಪೂರ್ತಿ ಅದಕ್ಕೇ ಖರ್ಚಾಗುತ್ತದೆ. ನಮ್ಮ ಅಂಗಡಿಯಲ್ಲಿ ಹಾರ್ಡ್ ಡಿಸ್ಕ್ ಇದೆ, ಅದರಲ್ಲಿ ಹದಿನೈದು ದಿನ ಉಳಿಯುತ್ತದೆ, ಅಷ್ಟು ಸಾಕು.

ಪ್ಯಾಕೆಟ್ ಪಯಣ

ದಾವಣಗೆರೆಯ ಯಜಮಾನರೇ, ನೀವು ಹೇಳುತ್ತಿರುವುದು ರೆಕಾರ್ಡಿಂಗ್ ಅನ್ನೇ ಕ್ಲೌಡಿನಲ್ಲಿಡುವ ಸೇವೆ. ಇಲ್ಲಿ ಕೇಳಿರುವುದು ಬೇರೆ. ಡಿವಿಆರ್ ಇರುವ ಮನೆಯಲ್ಲಿ ರೆಕಾರ್ಡಿಂಗ್ ಹಾರ್ಡ್ ಡಿಸ್ಕಿನಲ್ಲಿಯೇ ಇರುತ್ತದೆ, ನೀವು ಆ್ಯಪ್ ತೆರೆದು ನೋಡುವ ಹೊತ್ತಿನಲ್ಲಿ ಮಾತ್ರ ಚಿತ್ರ ಹೊರಗೆ ಹೋಗುತ್ತದೆ. ಆ ದಾರಿಯನ್ನು ಹುಡುಕಿಕೊಡುವುದಷ್ಟೇ ಈ ಕ್ಲೌಡಿನ ಕೆಲಸ, ಅದಕ್ಕೆ ಸಾಮಾನ್ಯವಾಗಿ ಬಾಡಿಗೆ ಇಲ್ಲ.

ಅಡಿಕೆಯವರೇ, ಯಾವುದು ಸುರಕ್ಷಿತ ಎನ್ನುವುದಕ್ಕೆ ಮುಂಚೆ, ಈಗ ಏಕೆ ಕಾಣುತ್ತಿಲ್ಲ ಎಂಬುದನ್ನು ಖಚಿತ ಮಾಡಿಕೊಳ್ಳೋಣ. ರೂಟರ್‌ನ ಪುಟಕ್ಕೆ ಹೋಗಿ WAN IP ಎಂಬಲ್ಲಿ ಯಾವ ಸಂಖ್ಯೆ ಇದೆ ನೋಡಿ. ಅದೇ ಹೊತ್ತಿನಲ್ಲಿ ಆ ಮನೆಯ ವೈಫೈನಿಂದ ನಿಮ್ಮ ಐಪಿ ವಿಳಾಸ ತೋರಿಸುವ ಯಾವುದಾದರೂ ತಾಣ ತೆರೆದು ಎರಡನ್ನೂ ಹೋಲಿಸಿ. ಜೊತೆಗೆ, ಹಳೆಯ ರೂಟರ್‌ನಲ್ಲಿ ಯಾವ ಯಾವ ಪೋರ್ಟ್‌ಗಳನ್ನು ತೆರೆದಿದ್ದರು, ಡಿವಿಆರ್‌ನ ಫರ್ಮ್‌ವೇರ್ ಯಾವ ವರ್ಷದ್ದು ಎಂಬುದನ್ನೂ ತಿಳಿಸಿ. ಹೊರಗಿನ ವಿಳಾಸವನ್ನು ಇಲ್ಲಿ ಬರೆಯಬೇಡಿ.

ಅಂಗಳದ ಅಡಿಕೆ

ಶನಿವಾರ ಊರಿಗೆ ಬಂದು ನೋಡಿದೆ. ರೂಟರ್‌ನಲ್ಲಿ 100.72 ಎಂದು ಆರಂಭವಾಗುವ ಸಂಖ್ಯೆ ಇದೆ, ತಾಣದಲ್ಲಿ ತೋರಿಸಿದ್ದು ಸಂಪೂರ್ಣ ಬೇರೆ. ಹಳೆಯ ರೂಟರ್ ಅಟ್ಟದ ಮೇಲೆ ಇನ್ನೂ ಇತ್ತು. ಅದರಲ್ಲಿ 80, 554 ಮತ್ತು ಕಂಪನಿಯ ಆ್ಯಪಿಗೆ ಬೇಕಾದ 8000, ಈ ಮೂರನ್ನೂ ಡಿವಿಆರ್‌ನ 192.168.1.50 ಎಂಬ ವಿಳಾಸಕ್ಕೆ ತಿರುಗಿಸಿದ್ದರು. ಫರ್ಮ್‌ವೇರ್ 2019ರದ್ದು. ಪಾಸ್‌ವರ್ಡ್ admin123 ಆಗಿತ್ತು ಎಂದು ಹೇಳಲು ನಾಚಿಕೆಯಾಗುತ್ತದೆ, ಈಗ ಬದಲಿಸಿದ್ದೇನೆ.

ಪ್ಯಾಕೆಟ್ ಪಯಣ

ಹಾಗಾದರೆ ಕಾರಣ ಸ್ಪಷ್ಟವಾಯಿತು. 100.64ರಿಂದ 100.127ರವರೆಗಿನ ವಿಳಾಸಗಳನ್ನು ಇಂಟರ್ನೆಟ್ ಕಂಪನಿಗಳ ಒಳಬಳಕೆಗೆಂದೇ ಮೀಸಲಿಟ್ಟಿದ್ದಾರೆ. ಹೊರಗಿನ ಒಂದು ವಿಳಾಸವನ್ನು ನಿಮ್ಮಂತಹ ಅನೇಕ ಮನೆಗಳಿಗೆ ಕಂಪನಿಯವರೇ ಹಂಚಿರುತ್ತಾರೆ, ಇದಕ್ಕೆ ಸಿಜಿನ್ಯಾಟ್ ಎನ್ನುತ್ತಾರೆ. ವಠಾರದ ಹೊರಬಾಗಿಲಿಗೆ ಬಂದ ಅಂಚೆಯವನಿಗೆ ಯಾವ ಮನೆಯೆಂದು ತಿಳಿಯದಿದ್ದರೆ ಹಿಂದಿರುಗುವಂತೆ, ಹೊರಗಿನಿಂದ ತಾನಾಗಿ ಬಂದ ಕರೆ ನಿಮ್ಮ ರೂಟರ್‌ವರೆಗೂ ತಲುಪುವುದೇ ಇಲ್ಲ. ಆದ್ದರಿಂದ ನಿಮ್ಮ ರೂಟರ್‌ನಲ್ಲಿ ಎಷ್ಟು ಪೋರ್ಟ್ ತೆರೆದರೂ ಪ್ರಯೋಜನವಿಲ್ಲ, ಬದಲಾಗುವ ವಿಳಾಸವನ್ನು ಹಿಂಬಾಲಿಸುವ ಡಿಡಿಎನ್ಎಸ್ ಹೆಸರು ಹಾಕಿದರೂ ಅಷ್ಟೇ. ಸ್ಟ್ಯಾಟಿಕ್ ಐಪಿ ಕೊಂಡರೆ ಮಾತ್ರ ಬಾಗಿಲು ನಿಮ್ಮ ಮನೆಗೇ ಬರುತ್ತದೆ. ಅದನ್ನು ತೆರೆಯಬೇಕೇ ಎಂಬುದೇ ಪ್ರಶ್ನೆ, ಮತ್ತು 2019ರ ಫರ್ಮ್‌ವೇರ್ ಇರುವ ಪೆಟ್ಟಿಗೆಗೆ ತೆರೆಯಬಾರದು ಎಂಬುದು ನನ್ನ ಉತ್ತರ.

ಮಾಸ್ತರರು ಮೂರನೆಯವರಿಲ್ಲ ಎಂದದ್ದು ನಿಜ, ಆದರೆ ಅದು ಅರ್ಧ ಮಾತು. ಪೋರ್ಟ್ ತೆರೆದರೆ ನಿಮ್ಮ ಮೊಬೈಲಿಗೆ ಹೇಗೆ ದಾರಿಯಾಯಿತೋ ಹಾಗೆಯೇ ಜಗತ್ತಿಗೆಲ್ಲ ದಾರಿಯಾಗುತ್ತದೆ, ಮತ್ತು ಆ ದಾರಿಯ ಕೊನೆಯಲ್ಲಿ ಇರುವ ಏಕೈಕ ಕಾವಲುಗಾರ ಡಿವಿಆರ್‌ನ ತಂತ್ರಾಂಶ. 2021ರ ಸೆಪ್ಟೆಂಬರ್‌ನಲ್ಲಿ ಹಿಕ್‌ವಿಷನ್‌ನ ಅನೇಕ ಕ್ಯಾಮೆರಾಗಳಲ್ಲಿ ಮತ್ತು ಕೆಲವು ರೆಕಾರ್ಡರ್‌ಗಳಲ್ಲಿ CVE-2021-36260 ಎಂಬ ದೋಷ ಬಹಿರಂಗವಾಯಿತು. ಅದಕ್ಕೆ ಯೂಸರ್ ಹೆಸರೂ ಬೇಕಿರಲಿಲ್ಲ, ಪಾಸ್‌ವರ್ಡೂ ಬೇಕಿರಲಿಲ್ಲ. ವೆಬ್ ಪುಟ ತೆರೆಯುವ ಪೋರ್ಟ್ ಹೊರಗಿನಿಂದ ಸಿಕ್ಕಿದರೆ ಸಾಕು, ಸಾಧನದೊಳಗೆ ಬೇಕಾದ ಆಜ್ಞೆ ಕೊಡಬಹುದಿತ್ತು. ಅದೇ ವರ್ಷ ದಾಹುವಾ ಸಾಧನಗಳಲ್ಲಿಯೂ ಲಾಗಿನ್ ಅನ್ನೇ ತಪ್ಪಿಸಿ ಒಳಹೋಗಬಹುದಾದ ದೋಷ ಹೊರಬಿತ್ತು. ನಿಮ್ಮ ಪೆಟ್ಟಿಗೆ ಯಾವ ಕಂಪನಿಯದೆಂದು ನಾನು ಕೇಳುವುದಿಲ್ಲ. 2019ರ ಬಳಿಕ ತಿದ್ದಿದ ಯಾವ ದೋಷವೂ ಅದರಲ್ಲಿ ತಿದ್ದಿಲ್ಲ ಎಂಬುದು ಮುಖ್ಯ. ಅಂತಹ ಕಡೆ ಪಾಸ್‌ವರ್ಡ್ ಎಷ್ಟು ಉದ್ದವಿದ್ದರೂ, ಗೋಡೆಯೇ ಇಲ್ಲದ ಮನೆಗೆ ಬೀಗ ಹಾಕಿದಂತೆ.

ಪೋರ್ಟ್ ಸಂಖ್ಯೆ ಬದಲಿಸುವ ವಿಚಾರ. 2013ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ಜೆಡ್‌ಮ್ಯಾಪ್ ಎಂಬ ಉಪಕರಣದಿಂದ, ಒಂದೇ ಕಂಪ್ಯೂಟರ್ ಮತ್ತು ಒಂದು ಗಿಗಾಬಿಟ್ ಸಂಪರ್ಕ ಬಳಸಿ, ಇಡೀ ಐಪಿವಿ4 ಇಂಟರ್ನೆಟ್‌ನಲ್ಲಿ ಒಂದು ಪೋರ್ಟ್ ಎಲ್ಲೆಲ್ಲಿ ತೆರೆದಿದೆ ಎಂಬುದನ್ನು 45 ನಿಮಿಷದೊಳಗೆ ಹುಡುಕಿ ತೋರಿಸಿದರು. ನಿಮ್ಮ 48123 ಪೋರ್ಟನ್ನು ತಟ್ಟಿದವರಿಗೆ ಡಿವಿಆರ್ ತನ್ನ ಲಾಗಿನ್ ಪುಟವನ್ನೇ ಕೊಡುತ್ತದೆ, ಆಮೇಲೆ ಸಂಖ್ಯೆಯಲ್ಲಿ ಏನಿದೆ? ಬದಲಿಸಿದರೆ ತಟ್ಟುವವರು ಕಡಿಮೆಯಾಗುತ್ತಾರೆ ಎಂಬುದು ನಿಜ, ಇಲ್ಲವಾಗುವುದಿಲ್ಲ.

ವೈರ್ ಮಾಸ್ತರ

ಆರು ವರ್ಷಗಳಲ್ಲಿ ನನಗೆ ಏನೂ ಆಗಿಲ್ಲ ಎಂಬುದಕ್ಕೆ ನಿಮ್ಮ ಉತ್ತರವೇನು? ಒಂದು ದಿನವೂ ಕ್ಯಾಮೆರಾ ನಿಂತಿಲ್ಲ.

ಪ್ಯಾಕೆಟ್ ಪಯಣ

ಆಗಿಲ್ಲದಿರಬಹುದು. ಆದರೆ ಕ್ಯಾಮೆರಾ ನಿಲ್ಲದಿರುವುದು ಅದಕ್ಕೆ ಸಾಕ್ಷಿಯಾಗುವುದಿಲ್ಲ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಲಕ್ಷಾಂತರ ಡಿವಿಆರ್ ಮತ್ತು ಕ್ಯಾಮೆರಾಗಳನ್ನು ಹಿಡಿದಾಗ ಅವು ತಮ್ಮ ಪಾಡಿಗೆ ರೆಕಾರ್ಡ್ ಮಾಡುತ್ತಲೇ ಇದ್ದವು. ಅಕ್ಟೋಬರ್ 21ರಂದು ತಾಣಗಳ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ಬಿದ್ದು, ಅಮೆರಿಕದಲ್ಲಿ ಅನೇಕ ದೊಡ್ಡ ತಾಣಗಳು ತೆರೆಯದಂತೆ ಮಾಡಿದ ದಾಳಿಯಲ್ಲಿ ಇಂತಹ ಪೆಟ್ಟಿಗೆಗಳೇ ಕೂಲಿಯಾಳುಗಳಾಗಿದ್ದವು. ಅದು ಒಳಹೊಕ್ಕದ್ದು ಟೆಲ್ನೆಟ್ ಬಾಗಿಲಿನಿಂದ, ಕಾರ್ಖಾನೆಯಲ್ಲಿ ಇಟ್ಟ ಅರವತ್ತರಷ್ಟು ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಹಾಕಿ ನೋಡಿ; ಇದು ನಿಮ್ಮ ವೆಬ್ ಪೋರ್ಟಿನ ಕಥೆಯಲ್ಲ ಎಂಬುದನ್ನು ಒಪ್ಪುತ್ತೇನೆ. ಅದು ಮೆಮೊರಿಯಲ್ಲಿ ಮಾತ್ರ ವಾಸಿಸುತ್ತಿದ್ದುದರಿಂದ ಕರೆಂಟ್ ಹೋಗಿ ಬಂದರೆ ಗುರುತೂ ಉಳಿಯುತ್ತಿರಲಿಲ್ಲ, ಬಾಗಿಲು ತೆರೆದೇ ಇದ್ದರೆ ಮತ್ತೆ ಬರುತ್ತಿತ್ತು.

ಅಡಿಕೆಯವರು ಒಂದು ಕೆಲಸ ಮಾಡಬಹುದು. ಡಿವಿಆರ್‌ನ ಲಾಗ್‌ನಲ್ಲಿ Exception ವಿಭಾಗದಲ್ಲಿ Illegal Login ಎಂಬುದನ್ನು ಆರಿಸಿ ಹಳೆಯ ದಿನಾಂಕಗಳನ್ನು ಹುಡುಕಿ. ಪಾಸ್‌ವರ್ಡ್ ಊಹಿಸಿದವರು ಅಲ್ಲಿ ಸಿಗುತ್ತಾರೆ. ದೋಷದ ಮೂಲಕ ನುಸುಳಿದವರು ಸಿಗದೆಯೂ ಇರಬಹುದು.

ಅಂಗಳದ ಅಡಿಕೆ

ನೋಡಿದೆ. ಹಳೆಯ ಇಂಟರ್ನೆಟ್ ಇದ್ದ ತಿಂಗಳುಗಳಲ್ಲಿ ಪುಟಗಟ್ಟಲೆ ಇದೆ, ಕೆಲವು ರಾತ್ರಿಗಳಲ್ಲಿ ನಿಮಿಷಕ್ಕೆ ನಾಲ್ಕೈದು ಸಲ. ಫೈಬರ್ ಬಂದ ದಿನದಿಂದ ಒಂದೂ ಇಲ್ಲ. ಅಷ್ಟು ದಿನ admin123 ಇಟ್ಟುಕೊಂಡಿದ್ದೆ ಎಂದು ನೆನೆದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಹಾಗಾದರೆ ಕ್ಲೌಡ್ ಎಂದು ತೀರ್ಮಾನಿಸಲೇ?

ತೀರ್ಥಹಳ್ಳಿ ಕ್ಯಾಮೆರಾ

ನಾನು ಇದೇ ಕೆಲಸ ಮಾಡುವವನು, ಆದ್ದರಿಂದ ಕ್ಯಾಮೆರಾ ಹಾಕುವವರ ಕಡೆಯ ಒಂದು ಗುಟ್ಟನ್ನು ಹೇಳುತ್ತೇನೆ. ಈಗ ನಾನು ಯಾರಿಗೂ ಪೋರ್ಟ್ ತೆರೆದು ಕೊಡುವುದಿಲ್ಲ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಕೊಡುತ್ತೇನೆ. ಹತ್ತು ನಿಮಿಷದ ಕೆಲಸ, ಗ್ರಾಹಕರೂ ಸಂತೋಷ. ಆದರೆ ಹೆಚ್ಚಿನ ಆ್ಯಪ್‌ಗಳಲ್ಲಿ ಒಂದು ಡಿವಿಆರ್ ಒಂದೇ ಖಾತೆಗೆ ಸೇರುತ್ತದೆ. ಮೊದಲು ಸ್ಕ್ಯಾನ್ ಮಾಡಿದವರೇ ಅದರ ಯಜಮಾನ, ಉಳಿದವರಿಗೆ ಅವರು ಹಂಚಬೇಕು. ಅನೇಕರು ತಮ್ಮ ಅಂಗಡಿಯ ಖಾತೆಗೇ ಸೇರಿಸಿಕೊಂಡು ಗ್ರಾಹಕರಿಗೆ ಹಂಚಿ ಕೊಡುತ್ತಾರೆ, ರಿಪೇರಿಗೆ ಅನುಕೂಲ ಎಂದು. ಕೆಟ್ಟ ಉದ್ದೇಶ ಇರಬೇಕೆಂದೇನೂ ಇಲ್ಲ, ಆದರೆ ಅಂಗಡಿಯ ಹುಡುಗ ಬಿಟ್ಟು ಹೋದರೂ ಅವನ ಮೊಬೈಲಿನಲ್ಲಿ ಆ ಖಾತೆ ಉಳಿದಿರುತ್ತದೆ. ನಿಮ್ಮದು ಯಾರ ಹೆಸರಿನಲ್ಲಿದೆ ಎಂಬುದನ್ನು ಮೊದಲು ನೋಡಿಕೊಳ್ಳಿ.

ಅಂಗಳದ ಅಡಿಕೆ

ನೀವು ಹೇಳಿದ್ದೇ ಆಯಿತು. ಸ್ಕ್ಯಾನ್ ಮಾಡಿದ ಕೂಡಲೇ, ಈ ಸಾಧನವನ್ನು ಈಗಾಗಲೇ ಬೇರೆ ಖಾತೆಗೆ ಸೇರಿಸಲಾಗಿದೆ ಎಂದು ಬಂತು. ನಾಲ್ಕು ವರ್ಷಗಳಿಂದ ಯಾರೋ ಒಬ್ಬರ ಖಾತೆಯಲ್ಲಿ ನಮ್ಮ ಜಗಲಿ ಇತ್ತು, ಮತ್ತು ನಾವು ಕ್ಲೌಡ್ ಬಳಸುತ್ತಲೇ ಇರಲಿಲ್ಲ ಎಂದು ನಂಬಿದ್ದೆವು.

ತೀರ್ಥಹಳ್ಳಿ ಕ್ಯಾಮೆರಾ

ಗಾಬರಿ ಬೇಡ. ಡಿವಿಆರ್ ಇರುವ ವೈಫೈಗೇ ಮೊಬೈಲ್ ಸೇರಿಸಿ ನೋಡಿ; ಕೆಲವು ಆ್ಯಪ್‌ಗಳು ಆಗ ಡಿವಿಆರ್‌ನ ಅಡ್ಮಿನ್ ಪಾಸ್‌ವರ್ಡ್ ಕೇಳಿ ಹಳೆಯ ಖಾತೆಯಿಂದ ಬಿಡಿಸುತ್ತವೆ. ಇಲ್ಲದಿದ್ದರೆ ಹಾಕಿದವರಿಗೆ ಫೋನ್ ಮಾಡಿ ಅವರ ಖಾತೆಯಿಂದ ಅಳಿಸಿ ಎನ್ನಿ. ಬಿಡಿಸಿದ ಮೇಲೆ ನಿಮ್ಮ ಖಾತೆಗೆ ಸೇರಿಸಿ, ಖಾತೆಗೆ ಎರಡು ಹಂತದ ಲಾಗಿನ್ ಇದ್ದರೆ ಹಾಕಿ. ಡಿವಿಆರ್‌ನ ಯೂಸರ್ ಪಟ್ಟಿಯನ್ನೂ ತೆರೆಯಿರಿ. Admin ಬಿಟ್ಟು ಬೇರೆ ಹೆಸರು ಇದ್ದರೆ ಅದು ಯಾರದೆಂದು ಕೇಳಿ.

ಪ್ಯಾಕೆಟ್ ಪಯಣ

ಇದು ನಾನು ಹೇಳಬೇಕೆಂದಿದ್ದ ಮಾತಿಗಿಂತ ಮುಖ್ಯವಾದದ್ದು, ಧನ್ಯವಾದ. ನಾನು ಒಂದನ್ನು ಸೇರಿಸುತ್ತೇನೆ. ಕ್ಲೌಡಿನಲ್ಲಿ ಹೊರಗಿನಿಂದ ಬಾಗಿಲು ತಟ್ಟುವವರಿಲ್ಲ, ಏಕೆಂದರೆ ಡಿವಿಆರ್ ತಾನೇ ಒಳಗಿನಿಂದ ಕಂಪನಿಯ ಸರ್ವರ್‌ಗೆ ಕರೆ ಮಾಡಿ ಆ ಎಳೆಯನ್ನು ಹಿಡಿದುಕೊಂಡಿರುತ್ತದೆ. ಸಿಜಿನ್ಯಾಟ್ ಇದ್ದರೂ ಅದು ನಡೆಯುವುದು ಇದೇ ಕಾರಣಕ್ಕೆ. ಆದರೆ ಆ ಎಳೆಯ ಇನ್ನೊಂದು ತುದಿ ಯಾರಿಗೆ ಸಿಗಬೇಕೆಂದು ಸರ್ವರ್ ಹೇಗೆ ನಿರ್ಧರಿಸುತ್ತದೆ ಎಂಬುದರಲ್ಲಿ ಎಲ್ಲವೂ ಇದೆ.

2018ರಲ್ಲಿ ಸೆಕ್ ಕನ್ಸಲ್ಟ್ ಎಂಬ ಸಂಸ್ಥೆ, ಬೇರೆ ಬೇರೆ ಹೆಸರಿನಲ್ಲಿ ಮಾರಾಟವಾಗುವ ಷಿಯೋಂಗ್‌ಮಾಯ್ ಡಿವಿಆರ್‌ಗಳ ಎಕ್ಸ್‌ಎಂಐ ಕ್ಲೌಡನ್ನು ಪರೀಕ್ಷಿಸಿತು. ಪ್ರತಿ ಪೆಟ್ಟಿಗೆಯ ಕ್ಲೌಡ್ ಗುರುತು ಅದರ ಮ್ಯಾಕ್ ವಿಳಾಸದಿಂದಲೇ ಹುಟ್ಟುತ್ತಿದ್ದುದರಿಂದ ಊಹಿಸಬಹುದಾಗಿತ್ತು. Admin ಖಾತೆಗೆ ಪಾಸ್‌ವರ್ಡೇ ಇರುತ್ತಿರಲಿಲ್ಲ. ಯಾರಿಗೂ ಹೇಳದ default ಎಂಬ ಇನ್ನೊಂದು ಖಾತೆ ಬೇರೆ ಇತ್ತು. ಆಗ ಅಂತಹ ಸಾಧನಗಳು ಸುಮಾರು 90 ಲಕ್ಷ ಇದ್ದವು ಎಂದು ಅವರ ಅಂದಾಜು. ಅಲ್ಲಿ ಪೋರ್ಟ್ ತೆರೆಯದ ಮನೆಯೂ ತೆರೆದ ಮನೆಯಾಗಿತ್ತು. ಹೆಸರಿಲ್ಲದ ಅಗ್ಗದ ಪೆಟ್ಟಿಗೆ ಕೊಂಡವರಿಗೆ ಕ್ಲೌಡ್ ಸುರಕ್ಷಿತ ಎಂದು ನಾನು ಹೇಳಲಾರೆ.

ಬಟ್ಟೆ ಅಂಗಡಿ ದಾವಣಗೆರೆ

ನಮ್ಮದೂ ಕ್ಯೂಆರ್ ಕೋಡಿನದೇ ಎಂದು ಈಗ ತಿಳಿಯಿತು. ಅಂಗಡಿಯಲ್ಲಿ ಕುಳಿತು ನೋಡಿದರೆ ಚಿತ್ರ ನೀರಿನಂತೆ ಹರಿಯುತ್ತದೆ, ಊರಿಗೆ ಹೋದರೆ ಸುತ್ತು ಚಕ್ರ ತಿರುಗುತ್ತಲೇ ಇರುತ್ತದೆ. ಯಾರಾದರೂ ಒಳಗೆ ಬಂದಿರಬಹುದೇ?

ಪ್ಯಾಕೆಟ್ ಪಯಣ

ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಆ್ಯಪ್ ಮೊದಲು ನಿಮ್ಮ ಮೊಬೈಲಿಗೂ ಡಿವಿಆರ್‌ಗೂ ನೇರ ಸಂಪರ್ಕ ಕಟ್ಟಲು ನೋಡುತ್ತದೆ. ಎರಡೂ ಕಡೆ ಸಿಜಿನ್ಯಾಟ್ ಇದ್ದರೆ ಅದು ಬಹಳ ಸಲ ಸೋಲುತ್ತದೆ, ಆಗ ಚಿತ್ರವೆಲ್ಲ ಕಂಪನಿಯ ರಿಲೇ ಸರ್ವರ್ ಮೂಲಕ ಬರುತ್ತದೆ. ಪುಕ್ಕಟೆ ಸೇವೆಯಾದ್ದರಿಂದ ಅಲ್ಲಿ ವೇಗಕ್ಕೆ ಕಡಿವಾಣ ಇರುತ್ತದೆ. ಮುಖ್ಯ ಸ್ಟ್ರೀಮ್ ಕ್ಯಾಮೆರಾಗೆ 4 ಎಂಬಿಪಿಎಸ್ ಇದ್ದರೆ ಆರಕ್ಕೆ 24 ಆಯಿತು. ಕಡಿಮೆ ಸ್ಪಷ್ಟತೆಯ ಸಬ್ ಸ್ಟ್ರೀಮ್ ಅನ್ನು 512 ಕೆಬಿಪಿಎಸ್‌ಗೆ ಇಟ್ಟು ಅದನ್ನೇ ನೋಡಿದರೆ ಆರೂ ಸೇರಿ 3ರಲ್ಲಿ ಮುಗಿಯುತ್ತದೆ. ಹಾರ್ಡ್ ಡಿಸ್ಕಿನ ರೆಕಾರ್ಡಿಂಗ್ ಮುಖ್ಯ ಸ್ಟ್ರೀಮ್‌ನಲ್ಲೇ ಇರಲಿ.

ಅಂಗಳದ ಅಡಿಕೆ

ಹಾಗಾದರೆ ಎರಡಕ್ಕೂ ಕುತ್ತಿದೆ. ಮೂರನೆಯ ದಾರಿ ಇಲ್ಲವೇ?

ಪ್ಯಾಕೆಟ್ ಪಯಣ

ಇದೆ, ವಿಪಿಎನ್, ಅಂದರೆ ನಿಮ್ಮ ಸಾಧನಗಳ ನಡುವೆ ಮಾತ್ರ ಕಟ್ಟುವ ಗೂಢಲಿಪಿಯ ಖಾಸಗಿ ದಾರಿ. ಸ್ಟ್ಯಾಟಿಕ್ ಐಪಿ ಇದ್ದವರು ವೈರ್‌ಗಾರ್ಡ್ ಎಂಬ ವಿಪಿಎನ್ ಇರುವ ರೂಟರ್ ಹಾಕಿ ಅದರ ಒಂದು ಯುಡಿಪಿ ಪೋರ್ಟ್ ಮಾತ್ರ ತೆರೆಯಬಹುದು. ಸರಿಯಾದ ಕೀಲಿ ಇಲ್ಲದೆ ತಟ್ಟಿದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲವಾದ್ದರಿಂದ ಅಲ್ಲಿ ಏನಿದೆ ಎಂಬುದೂ ತಿಳಿಯದು. ನಿಮ್ಮದು ಸಿಜಿನ್ಯಾಟ್ ಆದ್ದರಿಂದ, ಪೋರ್ಟ್ ತೆರೆಯದೆಯೇ ನಡೆಯುವ ಟೈಲ್‌ಸ್ಕೇಲ್ ಎಂಬ ವಿಪಿಎನ್ ಸೇವೆ ಸುಲಭ. ಮನೆಯಲ್ಲಿ ರಾಸ್ಪ್‌ಬೆರಿ ಪೈ ಎಂಬ ಒಂದು ಪುಟ್ಟ ಕಂಪ್ಯೂಟರ್ ಅಥವಾ ಹಳೆಯ ಲಿನಕ್ಸ್ ಕಂಪ್ಯೂಟರ್ ಬೇಕು. ಅದರಲ್ಲಿ ಟೈಲ್‌ಸ್ಕೇಲ್ ಹಾಕಿದ ಮೇಲೆ ಇಷ್ಟು:

```
echo 'net.ipv4.ip_forward = 1' | sudo tee -a /etc/sysctl.d/99-tailscale.conf
sudo sysctl -p /etc/sysctl.d/99-tailscale.conf
sudo tailscale up --advertise-routes=192.168.1.50/32
```

ಕೊನೆಯ /32 ಅನ್ನು ಬಿಡಬೇಡಿ. ಅದರಿಂದ ಮನೆಯ ಜಾಲದಲ್ಲಿ ಡಿವಿಆರ್ ಒಂದೇ ನಿಮಗೆ ಕಾಣುತ್ತದೆ. ಬಳಿಕ ಟೈಲ್‌ಸ್ಕೇಲ್‌ನ ಅಡ್ಮಿನ್ ಪುಟದಲ್ಲಿ ಆ ದಾರಿಗೆ ಒಪ್ಪಿಗೆ ಕೊಡಬೇಕು, ಮತ್ತು ಆ ಯಂತ್ರದ key expiry ಅನ್ನು ನಿಲ್ಲಿಸಬೇಕು. ಮರೆತರೆ 180 ದಿನಗಳ ಬಳಿಕ ಒಂದು ಬೆಳಿಗ್ಗೆ ಎಲ್ಲವೂ ನಿಂತಿರುತ್ತದೆ, ನೀವು ಊರಿಗೆ ಓಡಬೇಕಾಗುತ್ತದೆ. ಆಮೇಲೆ ಬೆಂಗಳೂರಿನ ಮೊಬೈಲಿನಲ್ಲಿ ಟೈಲ್‌ಸ್ಕೇಲ್ ಚಾಲೂ ಮಾಡಿ, ಕ್ಯಾಮೆರಾ ಆ್ಯಪಿನಲ್ಲಿ ಡಿವಿಆರ್ ಅನ್ನು 192.168.1.50 ಎಂಬ ವಿಳಾಸದಿಂದ ಸೇರಿಸಿದರೆ ಮನೆಯಲ್ಲೇ ಕುಳಿತು ನೋಡಿದಂತೆ ಆಗುತ್ತದೆ.

ನೇರ ಸಂಪರ್ಕ ಆಗದಿದ್ದರೆ ಇದು ಕೂಡ ರಿಲೇ ಬಳಸುತ್ತದೆ. ಆದರೆ ಗೂಢಲಿಪಿಯ ಕೀಲಿಗಳು ನಿಮ್ಮ ಎರಡು ಯಂತ್ರಗಳಲ್ಲಿ ಮಾತ್ರ ಇರುವುದರಿಂದ ನಡುವಿನ ಸರ್ವರ್‌ಗೆ ಚಿತ್ರ ತಿಳಿಯುವುದಿಲ್ಲ. ರಿಲೇಯಿಂದ ಹಾದು ಬರುವುದೇ ದೋಷವಲ್ಲ, ಮಾಸ್ತರರೇ, ಕೀಲಿ ಯಾರ ಕೈಯಲ್ಲಿದೆ ಎಂಬುದನ್ನು ನೋಡಬೇಕು.

ತೀರ್ಥಹಳ್ಳಿ ಕ್ಯಾಮೆರಾ

ಹೇಳಲು ಚೆನ್ನಾಗಿದೆ. ಮಲೆನಾಡಿನ ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಕರೆಂಟ್ ಹೋದರೆ ಆ ಪೈಯೊಳಗಿನ ಮೆಮೊರಿ ಕಾರ್ಡ್ ಎಷ್ಟು ದಿನ ಬಾಳುತ್ತದೆ? ಆಗ ಎಪ್ಪತ್ತು ದಾಟಿದ ಯಜಮಾನರಿಗೆ ಫೋನಿನಲ್ಲಿ ಲಿನಕ್ಸ್ ಪಾಠ ಮಾಡುವವರು ಯಾರು? ನನ್ನ ಗ್ರಾಹಕರಲ್ಲಿ ನೂರಕ್ಕೆ ಒಬ್ಬರಿಗೂ ಇದು ಆಗದ ಕೆಲಸ.

ವೈರ್ ಮಾಸ್ತರ

ನನ್ನ ಲಾಗ್ ಕೂಡ ತೆರೆದು ನೋಡಿದೆ. 48123ರಲ್ಲಿಯೂ ತಟ್ಟಿದ್ದಾರೆ, ಈ ತಿಂಗಳಿನಲ್ಲಿಯೇ ಇನ್ನೂರ ಚಿಲ್ಲರೆ ಸಲ. ಸದ್ಯಕ್ಕೆ ಪೋರ್ಟ್ ಮುಚ್ಚಿದ್ದೇನೆ. ಆದರೂ ಕಂಪನಿಯ ಕ್ಲೌಡನ್ನು ನಂಬಲು ನನಗೆ ಮನಸ್ಸಿಲ್ಲ. ಅವರು ಗೂಢಲಿಪಿ ಎನ್ನುತ್ತಾರೆ, ಕೀಲಿ ಅವರ ಬಳಿ ಇಲ್ಲವೆಂದು ನಾವು ತಿಳಿಯುವುದು ಹೇಗೆ?

ಪ್ಯಾಕೆಟ್ ಪಯಣ

ಹೊರಗಿನಿಂದ ನಮಗೆ ತಿಳಿಯದು. ಸ್ಟ್ರೀಮ್ ಗೂಢಲಿಪಿಗೆ ಬೇರೆಯದೇ ಕೋಡ್ ಇಡುವ ಅವಕಾಶವಿದ್ದರೆ, ಪೆಟ್ಟಿಗೆಯ ಮೇಲೆ ಅಂಟಿಸಿದ ಚೀಟಿಯಲ್ಲಿರುವುದನ್ನು ಬಿಟ್ಟು ನೀವೇ ಒಂದನ್ನು ಇಡಿ. ಅಷ್ಟು ಮಾತ್ರ ನಮ್ಮ ಕೈಯಲ್ಲಿದೆ. ಇನ್ನೊಂದು: ರೂಟರ್‌ನಲ್ಲಿ ಯುಪಿಎನ್‌ಪಿ ನಿಲ್ಲಿಸಿ, ಡಿವಿಆರ್‌ನಲ್ಲಿಯೂ ನಿಲ್ಲಿಸಿ. ನೀವು ಮುಚ್ಚಿದ ಪೋರ್ಟನ್ನು ಪೆಟ್ಟಿಗೆ ತಾನಾಗಿಯೇ ಕೇಳಿ ತೆರೆಸಿಕೊಳ್ಳುವುದು ಅದರ ಮೂಲಕವೇ.

ಅಂಗಳದ ಅಡಿಕೆ

ಎರಡು ವಾರದ ಬಳಿಕ ಬರೆಯುತ್ತಿದ್ದೇನೆ. ಡಿವಿಆರ್ ಅನ್ನು ಹಳೆಯ ಖಾತೆಯಿಂದ ಬಿಡಿಸಿಕೊಂಡಾಯಿತು. ಹಾಕಿದವರು ಫೋನಿನಲ್ಲಿ ಬೇಸರಿಸಿಕೊಂಡರೂ ಅಳಿಸಿದರು. ಯೂಸರ್ ಪಟ್ಟಿಯಲ್ಲಿ service ಎಂಬ ಹೆಸರಿತ್ತು, ಯಾರದೆಂದು ಅವರಿಗೂ ನೆನಪಿಲ್ಲ, ತೆಗೆದೆ. ಡಿವಿಆರ್‌ಗೆ ಹೊಸ ಫರ್ಮ್‌ವೇರ್ ಹುಡುಕಿದರೆ ಈ ಮಾದರಿಗೆ 2020ರ ಬಳಿಕ ಕಂಪನಿ ಏನನ್ನೂ ಕೊಟ್ಟಿಲ್ಲ, 2020ರದ್ದನ್ನೇ ಹಾಕಿದೆ. ಸ್ಟ್ಯಾಟಿಕ್ ಐಪಿಯ ಯೋಚನೆ ಬಿಟ್ಟೆ.

ಪೈಯನ್ನು ಡಿವಿಆರ್ ಇರುವ ಯುಪಿಎಸ್‌ಗೇ ಜೋಡಿಸಿ ಟೈಲ್‌ಸ್ಕೇಲ್ ಹಾಕಿದ್ದೇನೆ, ಇದುವರೆಗೆ ಚೆನ್ನಾಗಿದೆ. ಆದರೆ ಮಂಗಳೂರಿನಲ್ಲಿರುವ ತಂಗಿಗೆ ವಿಪಿಎನ್ ಚಾಲೂ ಮಾಡಿ ನೋಡುವುದು ಕಿರಿಕಿರಿ ಎನಿಸಿ ಕ್ಲೌಡೇ ಬೇಕು ಎನ್ನುತ್ತಾಳೆ. ಸದ್ಯಕ್ಕೆ ಅಂಗಳ ಮತ್ತು ಗೇಟಿನ ಕ್ಯಾಮೆರಾಗಳನ್ನು ಮಾತ್ರ ಅವಳಿಗೆ ಕ್ಲೌಡಿನಲ್ಲಿ ಹಂಚಿದ್ದೇನೆ, ಜಗಲಿಯದನ್ನು ಹಂಚಿಲ್ಲ. ಆದರೆ ಕ್ಲೌಡ್ ಚಾಲೂ ಇರುವವರೆಗೆ ಜಗಲಿಯ ಚಾನೆಲ್ ಕೂಡ ಆ ಎಳೆಯಲ್ಲೇ ಇರುತ್ತದಲ್ಲವೇ, ಹಂಚದೆ ಇಟ್ಟರೆ ಸಾಕೇ? ತೀರ್ಥಹಳ್ಳಿಯವರೇ, ಒಂದೇ ಚಾನೆಲನ್ನು ಡಿವಿಆರ್‌ನಲ್ಲಿಯೇ ಕ್ಲೌಡಿನಿಂದ ಹೊರಗಿಡುವ ಆಯ್ಕೆಯನ್ನು ನೀವು ಯಾವ ಪೆಟ್ಟಿಗೆಯಲ್ಲಾದರೂ ಕಂಡಿದ್ದೀರಾ?

ತೀರ್ಥಹಳ್ಳಿ ಕ್ಯಾಮೆರಾ

ನಾನು ಹಾಕಿದ ಪೆಟ್ಟಿಗೆಗಳಲ್ಲಿ ಕಂಡಿಲ್ಲ. ಜಗಲಿಯ ಕ್ಯಾಮೆರಾವನ್ನು ಸ್ವಲ್ಪ ತಿರುಗಿಸಿ ಮೆಟ್ಟಿಲು ಮಾತ್ರ ಕಾಣುವಂತೆ ಮಾಡಲು ಸಾಧ್ಯವಾದರೆ ನೋಡಿ, ಅದಕ್ಕೆ ಒಂದು ಸ್ಕ್ರೂ ಡ್ರೈವರ್ ಸಾಕು.